ಜುಲೈ ತಿಂಗಳ ಸರಾಸರಿ

ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ ಮೇಲೆ ನಾನು ಕೆ.ಆರ್. ಪೇಟೆಯ ಒಂದು ಷೇರು ದಲ್ಲಾಳಿ ಕಚೇರಿಗೆ ಸೇರಿದೆ. ಬಸ್ ನಿಲ್ದಾಣದ ಹತ್ತಿರ, ಗೊಬ್ಬರದ ಅಂಗಡಿಯ ಮೇಲಿನ ಮಹಡಿ. ಯಜಮಾನರು ಒಂದು ದಿನ ಸಕ್ಕರೆ ಕಂಪನಿಯೊಂದರ ಷೇರಿಗೆ ತಿಂಗಳುವಾರು ಚಾರ್ಟ್ ಮಾಡಲು ಹೇಳಿದರು. ಕಳೆದ ಐದು ವರ್ಷಗಳಲ್ಲಿ ಪ್ರತಿ ತಿಂಗಳು ಬೆಲೆ ಶೇಕಡಾ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ತೆಗೆದು, ಒಂದೊಂದು ತಿಂಗಳಿಗೂ ಸರಾಸರಿ ಹಾಕಬೇಕು. ಏರಿದ್ದಕ್ಕೆ ಹಸಿರು ಕಂಬ, ಇಳಿದಿದ್ದಕ್ಕೆ ಕೆಂಪು.

ಜುಲೈ ಕಂಬ ಎಲ್ಲಕ್ಕಿಂತ ಎತ್ತರವಾಗಿತ್ತು: ಶೇಕಡಾ ಹತ್ತು. ಆದರೆ ಐದು ಜುಲೈಗಳನ್ನು ಬಿಡಿಸಿ ನೋಡಿದರೆ ಮೂರರಲ್ಲಿ ಷೇರು ಇಳಿದಿತ್ತು: ಮೂರು, ನಾಲ್ಕು, ಆರು. ಒಂದರಲ್ಲಿ ಮೂರು ಏರಿತ್ತು. ಉಳಿದ ಒಂದು ಜುಲೈಯಲ್ಲಿ, ಕಬ್ಬಿನಿಂದ ತೆಗೆಯುವ ಎಥನಾಲ್‌ಗೆ ಸರ್ಕಾರ ಬೆಲೆ ಏರಿಸಿದ ಸುದ್ದಿ ಬಂದು ಅರವತ್ತು ಜಿಗಿದಿತ್ತು. ಆ ಒಂದೇ ವರ್ಷ ಇಡೀ ತಿಂಗಳಿಗೆ ಹಸಿರು ಬಳಿದಿತ್ತು. ಐದನ್ನೂ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿದರೆ ನಡುವೆ ಬರುವ ಸಂಖ್ಯೆ ಮೂರರ ಇಳಿಕೆ. ಇದನ್ನು ಕಂಬಗಳ ಕೆಳಗೆ ಸಣ್ಣ ಕೋಷ್ಟಕ ಮಾಡಿ ಬರೆದೆ. ಯಜಮಾನರು ಕೋಷ್ಟಕ ತೆಗೆಸಿ ಕಂಬಗಳನ್ನಷ್ಟೇ ಪ್ರಿಂಟ್ ಹಾಕಿಸಿ ಗೋಡೆಗೆ ಅಂಟಿಸಿದರು. ‘ಅಷ್ಟು ಸಣ್ಣ ಅಕ್ಷರ ಯಾರವ್ವ ಓದ್ತಾರೆ?’ ಎಂದರು.

ಜೂನ್ ಕೊನೆಯಲ್ಲಿ ಚಿಕ್ಕಪ್ಪ ಬಂದರು. ಪಾಂಡವಪುರದ ಹತ್ತಿರ ಕಬ್ಬು ಬೆಳೆಯುವವರು, ಸ್ವಲ್ಪ ಷೇರಿನ ಹುಚ್ಚೂ ಇತ್ತು. ಚಿಕ್ಕಮ್ಮನ ಎರಡೂ ಮಂಡಿಗಳ ಆಪರೇಷನ್ ದಸರಾ ಆದ ಮೇಲೆ ಎಂದು ನಿಗದಿಯಾಗಿತ್ತು. ಅದಕ್ಕೆಂದು ಇಟ್ಟಿದ್ದ ಹಣ ಚಿಕ್ಕಪ್ಪನ ಖಾತೆಯಲ್ಲಿತ್ತು. ಗೋಡೆಯ ಮುಂದೆ ನಿಂತವರ ಮುಖ ಅರಳಿತು.

‘ಜುಲೈ! ಸರಿಯಾಗೈತಲ್ಲ. ನಮ್ಮ ಕಡೆ ಕಾರ್ಖಾನೆ ಅರೆಯಾಕೆ ಸುರು ಮಾಡೋದೇ ಆವಾಗ ಕಣವ್ವ. ಸಕ್ಕರೆ ಬಂದ್ರೆ ಷೇರು ಏಳದೆ ಇನ್ನೇನಾದದು?’

‘ಚಿಕ್ಕಪ್ಪ, ಇದು ಉತ್ತರ ಭಾರತದ ಕಂಪನಿ. ಅಲ್ಲಿ ಅರೆಯೋದು ಚಳಿಗಾಲದಲ್ಲಿ.’

‘ಕಬ್ಬು ಎಲ್ಲಿದ್ರೂ ಕಬ್ಬೇಯ.’

ಒಂದು ಹಾಳೆಯಲ್ಲಿ ಐದು ಸಂಖ್ಯೆಗಳನ್ನೂ ಬರೆದು ತೋರಿಸಿದೆ. ಕೊಟ್ಟಿಗೆಯ ಲೆಕ್ಕದಲ್ಲಿ ಹೇಳಿದೆ: ನಾಲ್ಕು ಹಸು ಬತ್ತಿವೆ, ಒಂದು ಮಾತ್ರ ಬಿಂದಿಗೆ ತುಂಬುತ್ತೆ, ಸರಾಸರಿ ಹಾಕಿದರೆ ಐದೂ ಕರೆಯುವ ಹಸುಗಳೇ.

‘ಆ ಒಂದು ಹಸ ಜುಲೈ ಕೊಟ್ಟಿಗೇಲೇ ಐತಲ್ಲ, ಬುಡು!’ ಎಂದು ನಕ್ಕರು.

ಯಜಮಾನರೂ ನಕ್ಕರು. ‘ಓದಿದೋರಿಗೆ ಎಲ್ಲಾದ್ರಲ್ಲೂ ಅನುಮಾನ ಕಣಣ್ಣ. ಈ ಚಾರ್ಟು ಮಾಡಿರೋಳೂ ಅವಳೇಯ.’

ಹನ್ನೆರಡು ಕಂಬ ನಿಲ್ಲಿಸಿದರೆ ಯಾವುದೋ ಒಂದು ಎತ್ತರವಾಗಿಯೇ ಇರುತ್ತದೆ, ಐದೇ ವರ್ಷದ ಲೆಕ್ಕದಲ್ಲಿ ಅದು ಆಕಸ್ಮಿಕವೂ ಇರಬಹುದು ಎಂದೆ. ಆಗಲೇ ಇಬ್ಬರೂ ಆಪರೇಷನ್ ಹಣಕ್ಕೆಲ್ಲ ಆ ಷೇರು ಕೊಳ್ಳುವ ಆರ್ಡರ್ ಹಾಕಲು ಕೂತಿದ್ದರು. ಕಾರಣ ಕೈಗೆ ಸಿಕ್ಕ ಮೇಲೆ ಚಿಕ್ಕಪ್ಪನಿಗೆ ಲೆಕ್ಕ ಬೇಕಿರಲಿಲ್ಲ. ಕಬ್ಬು ಗೊತ್ತಿಲ್ಲದವರಾಗಿದ್ದರೆ ಇನ್ನೊಮ್ಮೆ ಯೋಚಿಸುತ್ತಿದ್ದರೇನೋ.

ಆ ಜುಲೈಯಲ್ಲಿ ಷೇರು ಶೇಕಡಾ ಹನ್ನೊಂದು ಇಳಿಯಿತು. ಮಾರಿಬಿಡಿ ಎಂದೆ. ಚಿಕ್ಕಪ್ಪ ಗೋಡೆ ನೋಡಿ, ‘ಆಗಸ್ಟು ಕೆಂಪು, ಸೆಪ್ಟೆಂಬರು ಹಸ್ರೈತೆ. ತಡಿ’ ಎಂದರು. ಸೆಪ್ಟೆಂಬರ್ ಹಸಿರಾಗಲಿಲ್ಲ. ದಸರಾ ಹೊತ್ತಿಗೆ ಹಣದ ಮೂರನೇ ಒಂದು ಭಾಗ ಕರಗಿತ್ತು. ನಷ್ಟಕ್ಕೆ ಮಾರುವುದಿಲ್ಲ ಎಂದು ಕೂತರು. ಆಪರೇಷನ್ ಮುಂದಕ್ಕೆ ಹೋಯಿತು.

ಯಜಮಾನರು ಆ ವರ್ಷವನ್ನೂ ಸೇರಿಸಿ ಚಾರ್ಟ್ ಮಾಡಲು ಹೇಳಿದರು. ಆರು ಜುಲೈಗಳ ಸರಾಸರಿ ಆರೂವರೆ ಬಂತು. ಆರರಲ್ಲಿ ನಾಲ್ಕು ಜುಲೈ ಇಳಿದಿದ್ದರೂ ಕಂಬ ಹಸಿರಾಗಿಯೇ ಉಳಿಯಿತು, ಎಲ್ಲಕ್ಕಿಂತ ಎತ್ತರವೂ ಅದೇ. ‘ನೋಡ್ದಾ? ಒಂದು ವರ್ಸ ಕೆಟ್ರೂ ಏನಾಗಿಲ್ಲ’ ಎಂದರು. ಪ್ರಿಂಟ್ ಕೊಟ್ಟು ನನ್ನ ಜಾಗಕ್ಕೆ ಬಂದೆ. ತಿಂಗಳ ಕೊನೆಗೆ ಕೆಲಸ ಬಿಟ್ಟೆ. ಅದರಿಂದ ಯಾರಿಗೂ ಏನೂ ಆಗಲಿಲ್ಲ.

ಸಂಕ್ರಾಂತಿಗೆ ಪಾಂಡವಪುರಕ್ಕೆ ಹೋದಾಗ ಚಿಕ್ಕಮ್ಮ ಜಗಲಿಯ ಮೆಟ್ಟಿಲನ್ನು ಅಡ್ಡಡ್ಡವಾಗಿ, ಗೋಡೆ ಹಿಡಿದು ಇಳಿಯುತ್ತಿದ್ದರು. ನನ್ನ ಮೇಲೆ ಕೋಪವಿರಲಿಲ್ಲ. ಇದ್ದಿದ್ದರೆ ಸುಲಭವಾಗುತ್ತಿತ್ತು. ಎಳ್ಳುಬೆಲ್ಲ ಕೊಟ್ಟು, ಪಕ್ಕದಲ್ಲಿ ಕೂತು, ತಗ್ಗಿದ ದನಿಯಲ್ಲಿ ಕೇಳಿದರು:

‘ನಿಮ್ ಚಿಕ್ಕಪ್ಪ ಬರೋ ಜುಲೈಗೆ ದುಡ್ಡೆಲ್ಲಾ ವಾಪಸ್ ಬತ್ತದೆ ಅಂತಾವ್ರೆ. ಡಾಕ್ಟ್ರು ತಾರೀಕು ಕೇಳ್ತಾವ್ರೆ ಮಗಾ. ಜುಲೈ ಆದ್ಮೇಲೆ ಅಂತ ಯೋಳ್ಬುಡ್ಲಾ?’

‘ಬೇಡ’ ಎಂದೆ. ‘ಮತ್ಯಾವಾಗ?’ ಎಂದರು. ಹೇಳಲು ನನ್ನ ಹತ್ತಿರ ಯಾವ ತಿಂಗಳೂ ಇರಲಿಲ್ಲ.