ಹಿತ್ತಾಳೆ ತಟ್ಟೆಗಳು

ಎಂಬತ್ತರ ದಶಕದ ಮೊದಲ ವರ್ಷಗಳು. ಬೆಂಗಳೂರಿನ ಹದಿನೈದು ಅಂತಸ್ತಿನ ಕಟ್ಟಡವೊಂದಕ್ಕೆ ಬೆಂಕಿ ಆರಿಸುವ ನೀರಿನ ಕೊಳವೆ ಲೆಕ್ಕ ಹಾಕಿದವನು ನಾನೇ. ಕೊಳವೆ ಜೋಡಿಸಿದವನು ನನ್ನ ತಂಗಿಯ ಗಂಡ. ಅರಳಗುಪ್ಪೆ ಕಡೆಯ ತೆಂಗಿನ ತೋಟಗಳಿಗೆ ಪೈಪು ಹಾಕಿ ಪಳಗಿದ ಕೈ. "ಹುಷಾರಾಗಿ ನೋಡ್ಕೊಳಣ್ಣ" ಎಂದು ತಂಗಿ ಕಳಿಸಿದ್ದಳು.

ತುತ್ತತುದಿಯ ವಾಲ್ವಿನಲ್ಲಿ ಮೂರು ಕೆಜಿ ಒತ್ತಡ ಸಿಗಬೇಕೆಂದರೆ, ನೀರನ್ನು ಸುಮಾರು ತೊಂಬತ್ತು ಮೀಟರ್ ಎತ್ತುವಷ್ಟು ಕಸುವು ಪಂಪಿಗೆ ಬೇಕಿತ್ತು. ಆಗ ಕೆಳಗಿನ ಅಂತಸ್ತುಗಳಲ್ಲಿ ಎಂಟು ಕೆಜಿ ದಾಟುತ್ತದೆ. ಐದೂವರೆಗಿಂತ ಹೆಚ್ಚಾದರೆ ನೀರು ಚಿಮ್ಮಿಸುವ ಹೋಸು ಪೈಪು ಹಿಡಿದವನ ಕೈಯಲ್ಲಿ ನಿಲ್ಲದು. ಅದಕ್ಕೇ ಒತ್ತಡ ತಗ್ಗಿಸಲು ಪ್ರತಿ ಅಂತಸ್ತಿನ ವಾಲ್ವಿಗೊಂದು ತೂತಿನ ಹಿತ್ತಾಳೆ ತಟ್ಟೆ: ಕೆಳಗಿನ ಅಂತಸ್ತಿಗೆ ಸಣ್ಣ ತೂತು, ಮೇಲೇರಿದಂತೆ ದೊಡ್ಡದು. ತಟ್ಟೆಗಳ ಚೀಲ ಅವನ ಕೈಗಿತ್ತು "ಕ್ರಮವಾಗಿ ಹಾಕಪ್ಪ" ಎಂದೆ. ಯಾವ ಅಂತಸ್ತಿಗೆ ಯಾವ ತಟ್ಟೆ ಎಂದು ಬರೆದ ನಕ್ಷೆ ನನ್ನ ಜೇಬಿನಲ್ಲೇ ಉಳಿಯಿತು. ಅವನಿಗೇನು ಅರ್ಥವಾಗುತ್ತದೆ ಎಂಬ ಕೊಬ್ಬು ನನಗೆ.

ಪರೀಕ್ಷೆಯ ಬೆಳಿಗ್ಗೆ ನಾನು ಹದಿನೈದನೆಯ ಅಂತಸ್ತಿನಲ್ಲಿದ್ದೆ, ಅವನು ಎರಡನೆಯದರಲ್ಲಿ. ನಾನು ಬಿಟ್ಟ ನೀರು ತನ್ನ ಕಿಟಕಿಯ ಮುಂದೆ ಬಿದ್ದ ಕೂಡಲೇ ಅವನು ತನ್ನ ವಾಲ್ವು ತೆರೆಯಬೇಕೆಂದು ಮಾತಾಗಿತ್ತು. ಹೋಸಿನ ಮೂತಿಯನ್ನು ಕಂಬಕ್ಕೆ ಬಿಗಿದು ವಾಲ್ವು ತಿರುಗಿಸಿದೆ. ನೀರು ಹೊರಗೆ ಬಿತ್ತು, ಆದರೆ ಜೋರಿರಲಿಲ್ಲ. ತಟ್ಟೆಯ ಆಚೆಯ ಒತ್ತಡದ ಮೀಟರಿನ ಮುಳ್ಳು ಒಂದು ಕೆಜಿಯನ್ನೂ ದಾಟಲಿಲ್ಲ.

ಸಣ್ಣ ತೂತು ಇಲ್ಲಿದೆ! ಹಾಗಾದರೆ ದೊಡ್ಡದು ಅವನ ಹತ್ತಿರ.

ನನ್ನ ವಾಲ್ವು ಮುಚ್ಚುವ ಹಾಗಿರಲಿಲ್ಲ. ಹರಿಯುವುದು ಕಡಿಮೆಯಾದರೆ ಪಂಪಿನ ಒತ್ತಡ ಇನ್ನೂ ಏರಿ ಅವನ ಮೇಲೇ ಬೀಳುತ್ತದೆ. ಕಿಟಕಿಯಿಂದ ಬಗ್ಗಿ "ತೆರೀಬ್ಯಾಡ! ಬುಡು, ಬುಡು!" ಎಂದು ಕಿರುಚಿದೆ. ಡೀಸೆಲ್ ಪಂಪಿನ ಆರ್ಭಟದಲ್ಲಿ ನನ್ನ ಕೂಗು ನನಗೇ ಕೇಳಿಸಲಿಲ್ಲ. ಲಿಫ್ಟು ಇನ್ನೂ ಕೂರಿಸಿರಲಿಲ್ಲ. ಓಡಿದೆ. ಒಂದೊಂದು ತಿರುವಿನಲ್ಲೂ ತಂಗಿಯ ಮುಖ ಕಾಣುತ್ತಿತ್ತು. ಅಷ್ಟು ಹೆದರಿದ್ದು ಜೀವಮಾನದಲ್ಲೇ ಇಲ್ಲ. ಐದನೆಯ ಅಂತಸ್ತಿನ ಹತ್ತಿರ ಲೋಹ ಗೋಡೆಗೆ ಬಡಿಯುವ ಸದ್ದು ಕೇಳಿಸಿತು.

ಎರಡನೆಯ ಅಂತಸ್ತಿನಲ್ಲಿ ಹೋಸು ಹುಚ್ಚೆದ್ದು ನೆಲಕ್ಕೂ ಗೋಡೆಗೂ ಅಪ್ಪಳಿಸುತ್ತಿತ್ತು. ತಲೆ ತಗ್ಗಿಸಿ ತೆವಳಿ ಹೋಗಿ ವಾಲ್ವು ಮುಚ್ಚಿದೆ. ಅವನು ಮೂಲೆಯಲ್ಲಿ ಒದ್ದೆಯಾಗಿ ಬಿದ್ದಿದ್ದ. ಬಲಗೈ ಹೆಬ್ಬೆಟ್ಟು ಹಿಂದಕ್ಕೆ ಮುರಿದಿತ್ತು.

"ಭಾವ, ದೂರುದ್ ಸಸಿಗೆ ನೀರು ಹಾರ್ಲಿ ಅಂತ ಪೈಪಿನ್ ಬಾಯಿಗೆ ಹೆಬ್ಬೆಟ್ ಇಡಲ್ವಾ? ಹಂಗೇ ಮೇಲುಕ್ಕೆ ಸಣ್ಣ ತೂತಿಂದು ಹಾಕ್ದೆ ಕಣ್ರೀ. ತಪ್ಪಾಯ್ತಾ?"

ಅವನು ಕಲಿತ ವಿದ್ಯೆ ಅದು. ಪೈಪಿನ ಬಾಯಿಯಲ್ಲಲ್ಲ, ಒಳಗೆ ಕೂರುವ ತಟ್ಟೆ ಇರುವುದು ನೀರಿನ ಕಸುವು ಕೊಲ್ಲುವುದಕ್ಕೇ ಎಂದು ನಾನು ಒಂದು ಮಾತು ಹೇಳಬಹುದಿತ್ತು.

ಊರಿಗೆ ಕರೆದುಕೊಂಡು ಹೋದಾಗ ತಂಗಿ ಅವನ ಕೈ ನೋಡಿ ನನ್ನ ಕಡೆ ತಿರುಗಿದಳು. ನಾನು ಬಾಯಿ ತೆರೆಯುವ ಮೊದಲೇ ಅವನು "ಮೆಟ್ಲಲ್ಲಿ ಜಾರ್ಬುಟ್ಟೆ ಕಣೇ. ಭಾವ ಇಲ್ದಿದ್ರೆ ಸತ್ತೇ ಹೋಗ್ತಿದ್ದೆ" ಎಂದ. ತಂಗಿ ಕಣ್ಣೀರು ಒರೆಸಿಕೊಂಡು ನನಗೆ ಕೈಮುಗಿದಳು.

ನಕ್ಷೆ ಇನ್ನೂ ಇದ್ದ ಜೇಬನ್ನು ನಾನು ಕೈಯಿಂದ ಮುಚ್ಚಿಕೊಂಡೆ.