ಹರಿದ ಪಾಕೀಟುಗಳ ಮುಂಜಾನೆ

ನಾನು ಓದಿದ್ದು ಏಳನೆಯ ತರಗತಿ. ಬರೆದು ರೂಢಿಯಿಲ್ಲ. ಆದರೆ ತಂಗಿಗೆ ನಾನು ಮಾಡಿದ್ದನ್ನು ಎಲ್ಲಾದರೂ ಇಳಿಸಿಡದೆ ಹೋದರೆ ನೆಮ್ಮದಿ ಇಲ್ಲ.

ವಾಡಿಯಲ್ಲಿ ನಮ್ಮ ಮನೆಯ ಮುಂದಿನ ಕೋಣೆಯೇ ಅಂಗಡಿ. ಅಪ್ಪ ಸಿಮೆಂಟ್ ಲಾರಿ ಓಡಿಸುತ್ತಾನೆ, ಹೋದರೆ ವಾರಗಟ್ಟಲೆ ಬರುವುದಿಲ್ಲ. ಅವ್ವ ಶಹಾಬಾದಿನಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಪಾಲಿಶ್ ಮಾಡುವ ಕಡೆ ಕೂಲಿಗೆ ಹೋಗುತ್ತಾಳೆ. ಬೆಳಕು ಹರಿಯುವ ಮೊದಲೇ ಕೂಲಿಯವರನ್ನು ಒಯ್ಯುವ ಟಂಟಂ ಆಟೋ ಬಂದು ಹಾರ್ನ್ ಹೊಡೆಯುತ್ತದೆ. ಅಂಗಡಿ, ಒಲೆ, ತಂಗಿ ಮೂರೂ ನನ್ನ ಪಾಲಿಗೆ. ತಂಗಿ ಆಗ ಎಂಟನೆಯ ತರಗತಿ.

ಹೋಗುವಾಗ ಅವ್ವ ದಿನಾ ಒಂದೇ ಮಾತು ಹೇಳುತ್ತಿದ್ದಳು. "ಆಕಿಗಿ ಎರಡು ರೊಟ್ಟಿ ಬಡಿದು ಕೊಡು. ಬೆಳ್ಯಾ ಹುಡುಗಿ ಅದ."

ಬೆಳೆಯುತ್ತಿದ್ದದ್ದು ನಿಜ. ಶಾಲೆ ಶುರುವಾದಾಗ ಹೊಲಿಸಿದ ಚೂಡಿದಾರ ದೀಪಾವಳಿಯ ಹೊತ್ತಿಗೆ ಕಣಕಾಲಿನಿಂದ ಗೇಣು ಮೇಲೇರಿತ್ತು. ಪಕ್ಕದ ಮನೆಯ ಕಾಕಿ ಗೇಟಿನಲ್ಲಿ ನಿಂತು, "ಏನ್ ಬೇ, ನಿಮ್ಮ ತಂಗಿ ಕರೆಂಟ್ ಕಂಬ ಆಗಾಕತ್ತಾಳ, ತಂತಿ ಕಟ್ಟಿ ಬಿಡ್ರಿ" ಎಂದು ನಗುತ್ತಿದ್ದಳು. ತಂಗಿ ಓಡುವುದರಲ್ಲೂ ಮುಂದಿದ್ದಳು. ಶಾಲೆಯ ಪಿ.ಟಿ. ಮಾಸ್ತರರು ಕಲಬುರಗಿಯ ಕ್ರೀಡಾ ಹಾಸ್ಟೆಲಿನ ಆಯ್ಕೆಗೆ ಅವಳ ಹೆಸರು ಕೊಟ್ಟಿದ್ದರು. ಎಂಟನೆಯ ತರಗತಿಯವರನ್ನು ಮಾತ್ರ ತೆಗೆದುಕೊಳ್ಳುತ್ತಾರೆ, ಮುಂದಿನ ವರ್ಷ ಆಗುವುದಿಲ್ಲ ಎಂದಿದ್ದರು. ಅಲ್ಲಿ ಸೇರಿದರೆ ಊಟ, ಬೂಟು, ಓದು ಎಲ್ಲಾ ಅವರದೇ. ತಂಗಿಗೆ ಅದೊಂದೇ ಧ್ಯಾನ.

ಮುಂಜಾನೆ ಏಳರಿಂದ ಒಂಬತ್ತರ ತನಕ ಅಂಗಡಿಯಲ್ಲಿ ಹುಡುಗರು ಮುತ್ತಿಗೆ ಹಾಕುತ್ತಾರೆ. ಪೆನ್ನು, ಬಳಪ, ಬಿಸ್ಕೀಟು, ಖಾರದ ತಿಂಡಿಯ ಪಾಕೀಟು. ಆ ಹೊತ್ತಿನಲ್ಲಿ ಹಿಟ್ಟು ನಾದಿ ರೊಟ್ಟಿ ಬಡಿಯಲು ಆಗುತ್ತಿರಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಅದು ಸುಳ್ಳು. ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಟ್ಟಿರುತ್ತಿತ್ತು, ಶೇಂಗಾ ಹಿಂಡಿ ಡಬ್ಬಿಯಲ್ಲಿತ್ತು, ಮೊಸರೂ ಇರುತ್ತಿತ್ತು. ತಟ್ಟೆಯಲ್ಲಿ ಇಟ್ಟು ಕೊಡಲು ಎರಡು ನಿಮಿಷ ಸಾಕಿತ್ತು.

ನಾನು ಕೊಡುತ್ತಿದ್ದದ್ದು ಹರಿದ ಪಾಕೀಟು. ಮಾಲು ತರುವ ಸೈಕಲ್‌ ಮೋಟರಿನವನು ಗಾಳಿ ಹೋದ ಪಾಕೀಟು, ಇಲಿ ಕಡಿದ ಪಾಕೀಟು ವಾಪಸ್ ತೆಗೆದುಕೊಳ್ಳುವುದಿಲ್ಲ. ಮಾರಲು ಬರುವುದಿಲ್ಲ, ಚೆಲ್ಲಲು ಮನಸ್ಸಿಲ್ಲ. ಹಾಗಾಗಿ ಇಲಿ ಮುಟ್ಟದ ಹರಕುಗಳನ್ನು ಬೇರೆ ಇಡುತ್ತಿದ್ದೆ. ಅವು ತಂಗಿಯ ಮುಂಜಾನೆಯ ಹೊಟ್ಟೆಗೆ. ಜೊತೆಗೆ ಒಂದು ಲೋಟ ಚಹಾ. ಅವಳಿಗೂ ಅದೇ ರುಚಿಸಿತು. ಇನ್ನೊಂದು ಪಾಕೀಟು ಚೀಲದಲ್ಲಿ ಹಾಕಿಕೊಂಡು ಹೋಗುವಳು. ಅದನ್ನು ತಿಂದ ಮೇಲೆ ಶಾಲೆಯ ಬಿಸಿಯೂಟ ಸೇರುತ್ತಿರಲಿಲ್ಲ. ಸಣ್ಣ ಹುಡುಗರ ಸಾಲಿನಲ್ಲಿ ತಟ್ಟೆ ಹಿಡಿದು ಕೂಡಲು ನಾಚಿಕೆ ಬೇರೆ. ವಾರಕ್ಕೊಮ್ಮೆ ಕೊಡುವ ಕಬ್ಬಿಣದ ಗುಳಿಗೆ ಖಾಲಿ ಹೊಟ್ಟೆಗೆ ವಾಂತಿ ಬರಿಸುತ್ತದೆ ಎಂದು ಅದನ್ನೂ ಓಣಿಯಲ್ಲಿ ಎಸೆದು ಬರುತ್ತಿದ್ದಳು.

ಸಂಜೆ ಅವ್ವ ಕೇಳುವಳು: "ಮುಂಜಾನಿ ಉಂಡಳೇನು?"

"ಉಂಡಾಳ ಅವ್ವ. ಎರಡು ರೊಟ್ಟಿ." ದಿನಾ ಇದೇ ಉತ್ತರ. ತಂಗಿ ಪಕ್ಕದಲ್ಲೇ ಕೂತು ಪುಸ್ತಕದ ಹಾಳೆ ತಿರುವುತ್ತಿದ್ದಳು.

ಚಳಿಗಾಲದಲ್ಲಿ ಅಂಗಡಿಯ ಬರಣಿಯೊಳಗಿನ ಬಳಪ ಕಡಿಮೆಯಾಗತೊಡಗಿತು. ಮೊದಲು ನಾಲ್ಕೈದು, ಆಮೇಲೆ ಮುಷ್ಟಿಗಟ್ಟಲೆ. ಒಂದು ದಿನ ತಂಗಿಯ ಚೀಲ ಸುರಿದೆ. ಪುಸ್ತಕದ ನಡುವೆ ಬಳಪದ ತುಂಡುಗಳು.

"ಯಾರಿಗಿ ಹಂಚಾಕತ್ತಿ ಬೇ ಇವನ್ನ?"

"ಯಾರಿಗೂ ಇಲ್ಲಕ್ಕಾ."

"ಮತ್ತ ಪಾಟಿ ಮ್ಯಾಲ ಬರಿಯಾಕ ನೀ ಏನು ಒಂದನೇತ್ತೇ?"

ತುಂಡುಗಳನ್ನು ಆಯ್ದುಕೊಳ್ಳಲು ಬಗ್ಗಿದಳು. ಕೆನ್ನೆಗೆ ಹೊಡೆದೆ, ಎರಡು ಸಲ. ಕಳ್ಳಿ ಎಂದೆ. ಅವಳ ತುಟಿಯ ಅಂಚಿನಲ್ಲಿ ಬಿಳಿ ಪುಡಿ ಇತ್ತು. ಕಂಡೆ, ಕಂಡರೂ ತಿಳಿಯಲಿಲ್ಲ. ಮೆಟ್ಟಿಲು ಹತ್ತುವಾಗ ಏದುಸಿರು ಬಿಡುತ್ತಿದ್ದಳು, ಅದನ್ನು ಸೋಮಾರಿತನ ಎಂದೆ. ಮುಖ ಬಿಳಿಚಿದ್ದಕ್ಕೆ ಕಾಕಿ, "ನಿನ್ನ ತಂಗಿ ಬೆಳ್ಳಗಾಗ್ಯಾಳ ನೋಡ" ಎಂದಳು. ನಾನೂ ನಕ್ಕೆ.

ಆಯ್ಕೆಗೆ ನಾಲ್ಕು ದಿನ ಇರುವಾಗ ಶಾಲೆಯ ಮೈದಾನದಲ್ಲಿ ಓಡುತ್ತಲೇ ಬಿದ್ದಳು. ಎಂಟು ನೂರು ಮೀಟರಿನ ಎರಡನೇ ಸುತ್ತು. ಮಾಸ್ತರರು ಆಟೋದಲ್ಲಿ ಹಾಕಿಕೊಂಡು ಚಿತ್ತಾಪುರದ ದವಾಖಾನೆಗೆ ಒಯ್ದರು. ನಾನು ಅಂಗಡಿ ಮುಚ್ಚಿ ಓಡಿದೆ. ಅವ್ವನೂ ಮೈತುಂಬ ಕಲ್ಲಿನ ಧೂಳಿನಲ್ಲೇ ಬಂದಳು.

ಡಾಕ್ಟರಮ್ಮ ತಂಗಿಯ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ ನೋಡಿದರು. ರಕ್ತ ಪರೀಕ್ಷೆಯ ಚೀಟಿ ಬಂದ ಮೇಲೆ ಅವ್ವನಿಗೆ ಹೇಳಿದರು: "ರಕ್ತ ಹನ್ನೆರಡು ಇರಬೇಕ್ರಿ, ಆರರ ಮ್ಯಾಲ ಸ್ವಲ್ಪ ಅದ. ಈ ವಯಸ್ಸಿನ್ಯಾಗ ಎಲುಬು ಬೆಳಿತಾವ, ರಕ್ತಾನೂ ಹೆಚ್ಚಾಗಬೇಕು. ಮುಟ್ಟು ಬ್ಯಾರೆ ಸುರು ಆಗ್ಯಾದ. ಹೊಟ್ಟಿಗಿ ಹಾಕಲಿಲ್ಲಂದ್ರ ಎಲ್ಲಿಂದ ಬರಬೇಕ್ರಿ?" ಆಮೇಲೆ ತಂಗಿಯ ಕಡೆ ತಿರುಗಿ, "ಮಣ್ಣು, ಅಕ್ಕಿ, ಬಳಪ ಏನರ ತಿಂತೀಯೇನು? ಅಂಜಬ್ಯಾಡ. ರಕ್ತ ಕಡಿಮಿ ಆದವರಿಗಿ ಹಂಗ ಆಸೆ ಆಗ್ತದ."

ತಂಗಿ ತಲೆ ಆಡಿಸಿದಳು. ಅವಳ ಕೆನ್ನೆಗೆ ಹೊಡೆದ ನನ್ನ ಕೈ ಆಗ ಮಂಚದ ಕಬ್ಬಿಣ ಹಿಡಿದುಕೊಂಡಿತ್ತು.

"ಮುಂಜಾನಿ ಏನ್ ತಿಂತಿ?" ಡಾಕ್ಟರಮ್ಮ ಕೇಳಿದರು.

ಅವ್ವ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ತಂಗಿಯೇ ಹೇಳಿದಳು: "ಅಕ್ಕ ರೊಟ್ಟಿ ಮಾಡಿ ಕೊಡ್ತಾಳ್ರಿ. ನಾನೇ ತಿನ್ನಂಗಿಲ್ಲ, ನಾಯಿಗಿ ಹಾಕ್ತೀನಿ. ಅಂಗಡ್ಯಾಗಿನ ಪಾಕೀಟ ತಿಂತೀನಿ."

ಅವ್ವ ಅಲ್ಲೇ, ಎಲ್ಲರ ಎದುರು ಅವಳನ್ನು ಬೈದಳು. ಅನ್ನಕ್ಕೆ ದ್ರೋಹ ಮಾಡಿದಿ ಎಂದಳು. ಆಗ ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಆಡಲಿಲ್ಲ.

ಚಿತ್ತಾಪುರದಿಂದ ಕಲಬುರಗಿಗೆ ಕಳಿಸಿದರು. ಅಲ್ಲಿ ರಕ್ತ ಏರಿಸಿದರು, ಜಂತುವಿನ ಗುಳಿಗೆ ಕೊಟ್ಟರು. ಕಬ್ಬಿಣದ ಗುಳಿಗೆ ತಿಂಗಳುಗಟ್ಟಲೆ ನುಂಗಬೇಕು, ಗುಳಿಗೆಯ ಹಿಂದೆಮುಂದೆ ಚಹಾ ಕುಡಿಯಬಾರದು, ಪುಂಡಿಪಲ್ಯ, ಬೇಳೆ, ತತ್ತಿ ತಿನ್ನಬೇಕು, ಊಟಕ್ಕೆ ನಿಂಬೆ ಹಿಂಡಿಕೊಳ್ಳಬೇಕು ಎಂದರು. ಆಯ್ಕೆಯ ದಿನ ಅವಳು ಅದೇ ಊರಿನಲ್ಲಿ, ಮಂಚದ ಮೇಲೆ ಮಲಗಿದ್ದಳು. ಮೈದಾನ ಎಷ್ಟು ದೂರ ಎಂದು ನರ್ಸಮ್ಮನನ್ನು ಕೇಳಿದಳು. ಆಟೋದಲ್ಲಿ ಹತ್ತು ನಿಮಿಷ ಎಂದರು. ಗೋಡೆಯ ಕಡೆ ಹೊರಳಿದಳು.

ಈಗ ಒಂಬತ್ತನೆಯ ತರಗತಿ. ರಕ್ತ ಹನ್ನೊಂದರ ಹತ್ತಿರ ಬಂದಿದೆ, ಬಳಪದ ಆಸೆ ಹೋಗಿದೆ. ಓಟ ಬಿಟ್ಟಿದ್ದಾಳೆ. ಮಾಸ್ತರರು ಎರಡು ಸಲ ಮನೆಗೆ ಬಂದು ಕರೆದರು, ಹೋಗಲಿಲ್ಲ. ಏನೇ ಮಾತು ಬಂದರೂ ಅವ್ವ ಅದಕ್ಕೇ ತಂದು ಮುಟ್ಟಿಸುತ್ತಿದ್ದಳು. "ಅಕ್ಕ ಮಾಡಿ ಕೊಟ್ಟ ರೊಟ್ಟಿ ನಾಯಿಗಿ ಹಾಕಿದಾಕಿ ನೀನು. ನಿನ್ನ ಕೈಯಾರೆ ಕಳಕೊಂಡಿ." ತಂಗಿ ತಲೆ ಬಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಒಳಗಿನ ಮಾತು ಅಂಗಡಿಯಲ್ಲಿ ಕೂತ ನನಗೂ ಕೇಳುತ್ತಿತ್ತು.

ಹೋದ ಭಾನುವಾರ ಅವ್ವ ಮತ್ತೆ ಶುರು ಮಾಡಿದಾಗ ನಾನು ಒಳಗೆ ಹೋದೆ. "ಅವ್ವ, ನಾ ರೊಟ್ಟಿ ಕೊಟ್ಟೇ ಇಲ್ಲ. ಒಂದು ದಿನಾನೂ ಇಲ್ಲ. ಹರಕ ಪಾಕೀಟ ಕೊಡ್ತಿದ್ದೆ" ಎಂದೆ.

ಅವ್ವ ತಂಗಿಯನ್ನು ಕೇಳಿದಳು: "ಖರೇನೇನು?"

ತಂಗಿ ಎದ್ದು ಹೊರಗೆ ಹೋದಳು.

ಅವ್ವ ಬೈಯಲಿಲ್ಲ, ಹೊಡೆಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನದಿಂದ ಟಂಟಂ ಬರುವುದಕ್ಕೆ ಒಂದು ತಾಸು ಮೊದಲೇ ಎದ್ದು ತಾನೇ ರೊಟ್ಟಿ ಬಡಿಯುತ್ತಾಳೆ. ದಿನವಿಡೀ ಕಲ್ಲು ಎತ್ತುವ ಕೈ. ತಂಗಿಯನ್ನು ಎಬ್ಬಿಸಿ ಎದುರಿಗೆ ಕೂರಿಸಿಕೊಂಡು, ಅವಳು ಉಂಡ ಮೇಲೆಯೇ ಹೊರಡುತ್ತಾಳೆ. ನಾನು ಹಿಟ್ಟಿಗೆ ಕೈ ಹಾಕಲು ಹೋದರೆ ಪರಾತವನ್ನು ತನ್ನ ಕಡೆ ಎಳೆದುಕೊಂಡು, "ನೀ ಅಂಗಡಿ ನೋಡ್ಕೋ ಹೋಗು" ಎನ್ನುತ್ತಾಳೆ.