೭.೯

ಮೇಜಿನ ಮೇಲೆ ಮೂವತ್ತು ಲ್ಯಾಬ್ ರೆಕಾರ್ಡುಗಳಿದ್ದವು. ಮೂವತ್ತರಲ್ಲೂ ಒಂದೇ ಗ್ರಾಫು. ಕೆಲಸವನ್ನು ಎಂಟು ಥ್ರೆಡ್‌ಗಳಿಗೆ ಹಂಚಿದರೆ ಮ್ಯಾಟ್ರಿಕ್ಸ್ ಗುಣಾಕಾರ ೭.೯ ಪಟ್ಟು ಬೇಗ ಮುಗಿಯುತ್ತದೆಂದು ಸ್ಕೇಲಿಟ್ಟು ಎಳೆದ ನೇರ ಗೆರೆ. ರಾಮನಗರದ ನಮ್ಮ ಕಾಲೇಜಿನಲ್ಲಿ ನಾನು ಕಲಿಸುವ ಈ ಲ್ಯಾಬಿನ ಒಂದೊಂದು ಕಂಪ್ಯೂಟರಿಗೂ ಲೆಕ್ಕ ಮಾಡುವ ಕೋರ್ ಇರುವುದು ನಾಲ್ಕೇ. ನನ್ನ ಪಿತ್ತ ನೆತ್ತಿಗೇರಿತು.

"ನಾಲ್ಕು ಜನ ಕೂಲಿಯವರಿರೋ ಕಡೆ ಎಂಟು ಜನರ ಕೆಲಸ ಹೇಗಾಗುತ್ತೆ? ಎಲ್ಲಿಂದ ಬಂತು ಈ ಏಳು ಪಾಯಿಂಟ್ ಒಂಬತ್ತು?" ಎಂದು ಕೂಗಾಡಿದೆ. ಉತ್ತರಕ್ಕೂ ಕಾಯದೆ ಕಳ್ಳತನ, ಅಪ್ಪ ಅಮ್ಮನಿಗೆ ಮಾಡುವ ಮೋಸ ಎಂದೆಲ್ಲ ಅರ್ಧ ಗಂಟೆ ಬೈದೆ. ರೆಕಾರ್ಡಿಗೆ ಸಹಿ ಬೀಳದವರು ಪ್ರಾಯೋಗಿಕ ಪರೀಕ್ಷೆಗೆ ಕೂರುವ ಹಾಗಿಲ್ಲ. ನಾಳೆಯೇ ಕೊನೆಯ ದಿನ. ನಿಜವಾಗಿ ಅಳೆದು ತನ್ನಿ ಎಂದು ಎಲ್ಲವನ್ನೂ ವಾಪಸ್ ತಳ್ಳಿದೆ.

ಎಲ್ಲರೂ ಹೋದ ಮೇಲೂ ಹಿಂದಿನ ಸಾಲಿನಲ್ಲಿ ಒಬ್ಬಳು ಉಳಿದಿದ್ದಳು. ಚನ್ನಪಟ್ಟಣದಿಂದ ರೈಲಿನಲ್ಲಿ ಓಡಾಡುವ ಹುಡುಗಿ. ತಂದೆ ರೇಷ್ಮೆ ನೂಲು ತೆಗೆಸುವವರು. ಅವಳು ರೆಕಾರ್ಡನ್ನೇ ಕೊಟ್ಟಿರಲಿಲ್ಲ. ಸೋಮಾರಿ ಎಂದುಕೊಂಡು ಹತ್ತಿರ ಹೋದರೆ ಕಣ್ಣು ಕೆಂಪಾಗಿತ್ತು.

"ಮೂರ್ ವಾರದಿಂದ ಓಡಿಸ್ತಾವ್ನಿ ಮೇಡಂ. ಥ್ರೆಡ್ ಜಾಸ್ತಿ ಮಾಡ್ದಂಗೆ ಟೈಮೂ ಜಾಸ್ತಿನೇ ಆಯ್ತದೆ. ನಂದೊಂದೇ ಬರಾಕಿಲ್ಲ."

ಪ್ರೋಗ್ರಾಮ್ ನೋಡಿದೆ. ಸಮಯ ಅಳೆಯಲು ಅವಳು clock() ಬಳಸಿದ್ದಳು. ನಮ್ಮ ಲಿನಕ್ಸ್ ಯಂತ್ರಗಳಲ್ಲಿ ಅದು ಗೋಡೆ ಗಡಿಯಾರದ ಸಮಯ ಹೇಳುವುದಿಲ್ಲ. ಎಲ್ಲ ಥ್ರೆಡ್‌ಗಳೂ ದುಡಿದ ಹೊತ್ತನ್ನು ಕೂಡಿಸಿ ಹೇಳುತ್ತದೆ. ಈ ಸಣ್ಣ ಮಾತನ್ನು ಮೂರು ವಾರಗಳಲ್ಲಿ ನಾನು ಒಮ್ಮೆಯೂ ಹೇಳಿಕೊಟ್ಟಿರಲಿಲ್ಲ. ನನ್ನ ಮೇಲೇ ಸಿಟ್ಟು ಬಂತು. ಬದಲಾಯಿಸಿ ಓಡಿಸಿದೆವು. ಎರಡು ಸಾವಿರ ಅಡ್ಡಸಾಲು, ಎರಡು ಸಾವಿರ ಕಂಬಸಾಲುಗಳ ಮ್ಯಾಟ್ರಿಕ್ಸ್. ಒಂದು ಥ್ರೆಡ್‌ಗೆ ನಲವತ್ತು ಸೆಕೆಂಡು, ಎರಡಕ್ಕೆ ಇಪ್ಪತ್ತೊಂದು, ನಾಲ್ಕಕ್ಕೆ ಹದಿಮೂರು. ಅವಳ ಮುಖ ಅರಳಿತು. ಎಂಟಕ್ಕೆ ಹನ್ನೆರಡೂವರೆ. ಹದಿನಾರಕ್ಕೆ ಮತ್ತೆ ಹದಿಮೂರು. ಮುಖ ಬಾಡಿತು. ಬ್ರೌಸರ್ ಮುಚ್ಚಿ ಮತ್ತೆ ಓಡಿಸಿದಳು, ಯಂತ್ರವನ್ನೇ ಆರಿಸಿ ಹಚ್ಚಿ ಓಡಿಸಿದಳು. ಅದೇ.

"ಇದು ತಪ್ಪಲ್ಲಮ್ಮ, ಇದೇ ಸರಿ" ಎಂದೆ. "ಕೋರ್ ಇರೋದು ನಾಲ್ಕು. ಐದನೇ ಥ್ರೆಡ್ ಬಂದರೆ ಸರದಿ ಕಾಯಬೇಕು ಅಷ್ಟೆ."

"ಅಂಗಾರೆ ನಾಲ್ಕಕ್ಕಾದ್ರೂ ನಾಲ್ಕ್ ಪಟ್ಟು ಬರ್ಬೇಕಲ್ವಾ? ಮೂರು ಪಾಯಿಂಟ್ ಒಂದೇ ಐತಲ್ಲ."

ಒಳ್ಳೆಯ ಪ್ರಶ್ನೆ. ಮ್ಯಾಟ್ರಿಕ್ಸ್ ತುಂಬಿಸುವುದು ಒಂದೇ ಥ್ರೆಡ್ ಮಾಡುವ ಕೆಲಸ, ಅದು ಹಂಚಿಕೆಯಾಗುವುದಿಲ್ಲ. ಆದರೆ ಅದು ಚಿಟಿಕೆಯಷ್ಟು. ದೊಡ್ಡ ತಡೆ ಮೆಮೊರಿ. ಇಷ್ಟು ದೊಡ್ಡ ಮ್ಯಾಟ್ರಿಕ್ಸ್ ಕೋರಿನ ಪಕ್ಕದಲ್ಲಿರುವ ಕ್ಯಾಶ್ ಎಂಬ ಪುಟ್ಟ ಉಗ್ರಾಣದಲ್ಲಿ ಹಿಡಿಸುವುದಿಲ್ಲ. ನಾಲ್ಕು ಕೋರ್‌ಗಳೂ ಒಂದೇ ಮೆಮೊರಿಯಿಂದ, ಒಂದೇ ದಾರಿಯಲ್ಲಿ ಅಂಕಿಗಳನ್ನು ತರಿಸಿಕೊಳ್ಳಬೇಕು. ಅಂಕಿ ಬರುವವರೆಗೆ ಕೋರ್ ಸುಮ್ಮನೆ ಕೂತಿರುತ್ತದೆ. ಇದನ್ನು ಹೇಳುತ್ತಿದ್ದಂತೆ ಅವಳೇ ನಡುವೆ ಬಾಯಿ ಹಾಕಿದಳು.

"ನಮ್ಮನೇಲೂ ಅಂಗೇ ಮೇಡಂ. ಬಾಯ್ಲರ್ ಒಂದೇ. ಅಪ್ಪ ಇನ್ನೆರಡು ಬೇಸಿನ್ ಹಾಕ್ಸುದ್ರು, ಸ್ಟೀಮ್ ಸಾಲ್ದೆ ಯಾವ್ದ್ರಲ್ಲೂ ಗೂಡು ಸರ್ಯಾಗಿ ಬೇಯ್ನಿಲ್ಲ. ನೂಲು ಮೊದ್ಲು ಬತ್ತಿದ್ದಷ್ಟೇ."

"ಅದನ್ನೇ ಬರಿ" ಎಂದೆ. ಇಡೀ ದಿನದಲ್ಲಿ ಮೊದಲ ಬಾರಿಗೆ ಮನಸ್ಸು ಹಗುರಾಯಿತು.

ಅವಳು ಬರೆಯಲಿಲ್ಲ. "ಮತ್ತೆ ಮಾದರಿ ರೆಕಾರ್ಡ್‌ನಲ್ಲಿ ಏಳು ಪಾಯಿಂಟ್ ಒಂಬತ್ತು ಐತಲ್ಲ ಮೇಡಂ? ಎಲ್ರೂ ಅದನ್ನೇ ನೋಡಿ ಬರ್ದವ್ರೆ. ನಾನು ಅದ್ಕೇ ಮೂರ್ ವಾರ ಗುದ್ದಾಡ್ದೆ."

ನಮ್ಮ ಲ್ಯಾಬಿನಲ್ಲೊಂದು ವಾಡಿಕೆಯಿದೆ: ಅಕ್ಷರ ದುಂಡಗಿರುವ ಒಂದು ರೆಕಾರ್ಡನ್ನು ಬೀರುವಿನಲ್ಲಿಟ್ಟು, ಮುಂದಿನ ತಂಡದವರಿಗೆ ಮಾದರಿಯಾಗಿ ಕೊಡುವುದು. ಅದು ಯಾರದೆಂದು ನಾನು ಒಮ್ಮೆಯೂ ಬಿಚ್ಚಿ ನೋಡಿರಲಿಲ್ಲ. ಅವಳು ಅದನ್ನು ತಂದು ನನ್ನ ಮುಂದೆ ಬಿಚ್ಚಿದಳು. ಕಂದು ಬೈಂಡಿನ ಹೊದಿಕೆ ಹರಿದುಹೋಗಿತ್ತು, ಮೊದಲ ಪುಟವೇ ಇರಲಿಲ್ಲ. ಆದರೆ ಆ ದುಂಡು ಅಕ್ಷರ ನನ್ನದು.

ಇದೇ ಕಾಲೇಜಿನಲ್ಲಿ ಓದುವಾಗ ನನ್ನ ಗ್ರಾಫಿನ ಗೆರೆಯೂ ನಾಲ್ಕು ಥ್ರೆಡ್ ಆದಮೇಲೆ ಏರದೆ ಮಲಗಿತ್ತು. ಆಗಿನ ಮೇಷ್ಟ್ರು ನೋಡಿ, "ಸರಿಯಾದ್ದು ತಗೊಂಡ್ ಬಾ" ಎಂದು ಎರಡು ಸಲ ಕಳಿಸಿದ್ದರು. ಮೂರನೆಯ ಸಲ ಸ್ಕೇಲು ತೆಗೆದುಕೊಂಡೆ. ಪೂರ್ತಿ ಎಂಟು ಬರೆದರೆ ಅನುಮಾನ ಬರುತ್ತದೆಂದು ೭.೯ ಬರೆದೆ. ಸಹಿ ಬಿತ್ತು, ಶಹಬ್ಬಾಸ್‌ಗಿರಿಯೂ ಸಿಕ್ಕಿತು, ಆಮೇಲೆ ಮರೆತೂಬಿಟ್ಟೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಬೇರೆಯವರ ಎಲೆಯ ನೊಣ ಹುಡುಕಿದ ಹಾಗಾಯಿತು ನನ್ನ ಆಗಿನ ಅರ್ಧ ಗಂಟೆಯ ಭಾಷಣ.

"ಇದು ತಪ್ಪು" ಎಂದೆ. "ಇದನ್ನು ಬರೆದವಳು ನಾನೇ."

ಅವಳು ಪುಟವನ್ನೂ ನನ್ನನ್ನೂ ನೋಡಿದಳು. ನಗುತ್ತಾಳೆಂದುಕೊಂಡೆ, ನಗಲಿಲ್ಲ. ತನ್ನ ರೆಕಾರ್ಡನ್ನು ಮೆಲ್ಲಗೆ ನನ್ನ ಕಡೆ ಸರಿಸಿದಳು.

"ಅಂಗಾರೆ ನಂದ್ಕೆ ಸೈನ್ ಆಯ್ತದಾ ಮೇಡಂ?"

ಅಳೆದ ಅಂಕಿಗಳನ್ನೂ ಬಾಯ್ಲರಿನ ಮಾತನ್ನೂ ಅವಳಿಂದ ಬರೆಸಿ ಸಹಿ ಹಾಕಿದೆ. ಅವಳು ಐದರ ರೈಲಿಗೆ ಓಡಿದಳು. ನನ್ನ ರೆಕಾರ್ಡ್ ಚೀಲಕ್ಕೆ ಹಾಕಿಕೊಂಡೆ. ಮಾರನೆಯ ಬೆಳಿಗ್ಗೆ ಆ ಮೂವತ್ತು ಮಂದಿಯ ಮುಂದೆ ಅದನ್ನು ಬಿಚ್ಚಬೇಕಿತ್ತು.